ಒಂದೇ ಸ ಹಿಡಿದರೂ ಪಿಟೀಲು ಬೇರೆ, ಕೊಳಲು ಬೇರೆ ಕೇಳಿಸೋದು ಯಾಕೆ?

ಸರಸ್ವತಿಪುರಂ_ಅಮ್ಮ
ರಜೆ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಇದೇ ವಾದ. ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಮಂಡ್ಯದಿಂದ ಬಂದಿರುವ ಅಕ್ಕನ ಮಗ ಕೊಳಲು. ಇಬ್ಬರದೂ ಐದನೇ ಶ್ರುತಿ. ಶ್ರುತಿಪೆಟ್ಟಿಗೆ ಹಾಕಿಕೊಂಡು ಇಬ್ಬರೂ 'ಸ' ಹಿಡಿದರು. ಫೋನಿನ ಟ್ಯೂನರ್ ಆ್ಯಪ್ ಇಬ್ಬರಿಗೂ G ಅಂತಲೇ ತೋರಿಸಿತು. ಆದರೂ ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾವುದು ಯಾವುದು ಅಂತ ಚಿಕ್ಕ ಮಗುವೂ ಹೇಳುತ್ತೆ.

"ಒಂದು ತಂತಿ, ಇನ್ನೊಂದು ಗಾಳಿ, ಅದಕ್ಕೇ" ಅಂದೆ. "ಕಿವಿಗೆ ಬರೋದು ಎರಡೂ ಗಾಳೀನೇ ಅಲ್ವಾ ಅಮ್ಮ" ಅಂದಳು. ಅಲ್ಲಿಗೆ ನನ್ನ ಸರಕು ಮುಗಿಯಿತು. ತಿಳಿದವರು ಹೇಳಿ.

ಮಂಡ್ಯ_ಬೆಲ್ಲ
ಹುಡುಗಿ ನಿಮಗಿಂತ ಚುರುಕು ಬಿಡಿ ಅಕ್ಕಾ.

ಫಿಸಿಕ್ಸ್_ಟ್ಯೂಷನ್
ಸುಲಭ ಇದೆ. ಪಿಟೀಲಿನಲ್ಲಿ ಓವರ್‌ಟೋನ್ ಇರುತ್ತೆ, ಕೊಳಲಿನಲ್ಲಿ ಇರೋದಿಲ್ಲ. ಕೊಳಲಿನದು ಶುದ್ಧ ಸೈನ್ ವೇವ್. ಪಿಯುಸಿ ಪಾಠ ಇದು.

ಬಿದಿರು_ಕೊಳಲು
ಇರೋದಿಲ್ಲ ಅಂತ ಯಾರು ಹೇಳಿದ್ದು ನಿಮಗೆ? ಶುದ್ಧ ಸೈನ್ ವೇವ್ ಕೇಳಿದ್ದೀರಾ? ಟಿವಿಯಲ್ಲಿ ಚಾನೆಲ್ ನಿಂತಾಗ ಬರ್ತಿತ್ತಲ್ಲ ಆ 'ಕೂ' ಸದ್ದು, ಅದು. ನಾವು ಊದೋದು ಅದಾ?

ಲ್ಯಾಬ್_ಮೇಷ್ಟ್ರು
ಸರಸ್ವತಿಪುರಂ ಅಮ್ಮಾ, ಉತ್ತರಕ್ಕೆ ಮೊದಲು ಒಂದು ಪ್ರಶ್ನೆ. ಇಬ್ಬರೂ ಹಿಡಿದಿದ್ದು ನಿಜವಾಗಲೂ ಒಂದೇ ಸ್ವರವಾ? ಟ್ಯೂನರ್ G ಅನ್ನುತ್ತೆ, ಆದರೆ ಯಾವ ಸ್ಥಾಯಿಯ G ಅಂತ ಎಷ್ಟೋ ಆ್ಯಪ್‌ಗಳು ಹೇಳೋದಿಲ್ಲ. ಹುಡುಗನ ಕೊಳಲನ್ನು ಒಂದು ಸ್ಕೇಲ್ ಇಟ್ಟು ಅಳೆಯಿರಿ. ಊದುವ ತೂತಿನಿಂದ, 'ಸ' ಹಿಡಿದಾಗ ತೆರೆದಿರುವ ಮೊದಲ ಬೆರಳಿನ ತೂತಿನವರೆಗೆ ಎಷ್ಟು ಬರುತ್ತೆ?

ಸರಸ್ವತಿಪುರಂ_ಅಮ್ಮ
ಹದಿನೆಂಟು ಸೆಂಟಿಮೀಟರ್ ಚಿಲ್ಲರೆ ಇದೆ ಸರ್.

ಲ್ಯಾಬ್_ಮೇಷ್ಟ್ರು
ಅಂದುಕೊಂಡ ಹಾಗೇ ಇದೆ. ಕೊಳಲೊಳಗೆ ಆಡುವ ಗಾಳಿ ತೂತಿನ ಅಂಚಿಗೇ ನಿಲ್ಲೋದಿಲ್ಲ, ಎರಡೂ ಕಡೆ ಸ್ವಲ್ಪ ಆಚೆಗೆ ಚಾಚುತ್ತೆ. ಆ ಚಾಚು ಸೇರಿಸಿದರೆ ಉದ್ದ ಸುಮಾರು 22 ಸೆಂ.ಮೀ. ಆಗುತ್ತೆ. ಅದರ ಎರಡರಷ್ಟು ಒಂದು ಅಲೆ, 44 ಸೆಂ.ಮೀ. ಶಬ್ದದ ವೇಗ ಸೆಕೆಂಡಿಗೆ 345 ಮೀಟರ್ ಇಟ್ಟುಕೊಂಡು ಭಾಗಿಸಿ ನೋಡಿ, ಸೆಕೆಂಡಿಗೆ 784ರ ಹತ್ತಿರ ಬರುತ್ತೆ. ನಿಮ್ಮ ಮಗಳ ಮಧ್ಯ ಸ್ಥಾಯಿ 'ಸ' 392. ಅಲ್ಲಿಗೆ ಹುಡುಗ ಊದುತ್ತಿರೋದು ಅವಳ ತಾರ ಷಡ್ಜ.

ಇದು ಹುಡುಗನ ತಪ್ಪಲ್ಲ. ನಮ್ಮ ಕಡೆಯ ಗಿಡ್ಡ ಕೊಳಲುಗಳು ಹಾಡುವವರಿಗಿಂತ ಒಂದು ಸ್ಥಾಯಿ ಮೇಲೇ ಇರುತ್ತವೆ. ಕಿವಿ ಅದನ್ನು ಒಂದೇ ಅಂತ ಒಪ್ಪಿಕೊಂಡುಬಿಡುತ್ತೆ. ಹೋಲಿಸಬೇಕಾದರೆ ಮಗಳು ಕೊನೆಯ ತಂತಿಯಲ್ಲಿ ತಾರ 'ಸ' ಹಿಡಿಯಲಿ. ಗಮಕ ಬೇಡ, ಬೆರಳು ಅಲ್ಲಾಡಿಸೋದು ಬೇಡ, ನೇರ ಸ್ವರ. ಆಮೇಲೆ ಮಾತಾಡೋಣ.

ಮಂಡ್ಯ_ಬೆಲ್ಲ
ಮೇಷ್ಟ್ರು ಮನೆಯಲ್ಲೇ ಕೂತು ಮಂಡ್ಯ ಹುಡುಗನ ಕೊಳಲು ಅಳೆದುಬಿಟ್ರಲ್ಲ!

ಕೀಬೋರ್ಡ್_ರವ
ನಂದೊಂದು ಪ್ರಶ್ನೆ. ನನ್ನ ಕೀಬೋರ್ಡಿನಲ್ಲಿ ಫ್ಲೂಟ್ ಟೋನ್ ಚೆನ್ನಾಗಿ ಬರುತ್ತೆ, ವಯಲಿನ್ ಟೋನ್ ದರಿದ್ರವಾಗಿದೆ. ಹೊಸದು ತಗೊಳೋದಾದರೆ ಯಾವ ಮಾಡೆಲ್ ಒಳ್ಳೇದು?

ಬಿದಿರು_ಕೊಳಲು
ಅದಕ್ಕೆ ಬೇರೆ ಥ್ರೆಡ್ ಹಾಕಿ ಮಾರಾಯ್ರೇ.

ಲ್ಯಾಬ್_ಮೇಷ್ಟ್ರು
ಬೇಡ, ಅವರು ಕೇಳಿದ್ದರಲ್ಲೂ ವಿಷಯ ಇದೆ. ಪಿಟೀಲಿನ ನಾದ ಕೃತಕವಾಗಿ ಕಟ್ಟೋದು ಯಾಕೆ ಕಷ್ಟ ಅನ್ನೋದು ಇಲ್ಲೇ ಗೊತ್ತಾಗುತ್ತೆ, ಸ್ವಲ್ಪ ತಾಳಿ.

ಸರಸ್ವತಿಪುರಂ_ಅಮ್ಮ
ಈಗ ತಾರ 'ಸ' ಹಿಡಿಸಿದೆ. ಎರಡೂ ಹತ್ತಿರ ಹತ್ತಿರ ಬಂತು, ಆದರೆ ಬೇರೆ ಬೇರೇನೇ. ಪಿಟೀಲು ಚೂಪು, ಕೊಳಲು ದುಂಡು. ರೆಕಾರ್ಡ್ ಮಾಡಿಟ್ಟಿದ್ದೀನಿ.

ಹೆಬ್ಬಾಳ_ಟೆಕ್ಕಿ
ಮೆಸೇಜ್ ಆ್ಯಪಿನ ವಾಯ್ಸ್ ನೋಟ್‌ನಲ್ಲಿ ಮಾಡಿದ್ದರೆ ಅಳಿಸಿ ಮೇಡಂ. ಅದು ಮಾತಿಗೆ ಅಂತ ಮಾಡಿದ್ದು. ಮೇಲಿನ ಅಂಶ ಎಲ್ಲ ಕತ್ತರಿಸುತ್ತೆ. ಕೆಲವು ಫೋನ್‌ಗಳಂತೂ ಕೊಳಲಿನ ಉಸಿರಿನ 'ಸ್' ಸದ್ದನ್ನು ಫ್ಯಾನ್ ಗಲಾಟೆ ಅಂದುಕೊಂಡು ಒರೆಸಿಹಾಕುತ್ತವೆ. ನಾಯ್ಸ್ ಕಡಿಮೆ ಮಾಡುವ ಸೆಟ್ಟಿಂಗ್ ಆಫ್ ಮಾಡಿ, WAV ಫೈಲ್ ಆಗಿ ರೆಕಾರ್ಡ್ ಮಾಡಿ.

ಆಮೇಲೆ ಲ್ಯಾಪ್‌ಟಾಪಿನಲ್ಲಿ Audacity ಹಾಕಿಕೊಳ್ಳಿ, ಉಚಿತ. ಸ್ವರ ಸ್ಥಿರವಾಗಿರುವ ಒಂದು ಸೆಕೆಂಡಿನಷ್ಟು ಭಾಗ ಆರಿಸಿಕೊಂಡು `Analyze > Plot Spectrum` ಒತ್ತಿ. `Size` ಇರುವ ಕಡೆ 8192 ಇಡಿ. ಬಾಚಣಿಗೆ ಹಲ್ಲಿನ ಥರ ಗೆರೆ ಬರುತ್ತೆ. ಪ್ರತಿ ಹಲ್ಲಿನ ಮೇಲೆ ಮೌಸ್ ಇಟ್ಟು ಸಂಖ್ಯೆ ಬರೆದುಕೊಳ್ಳಿ.

ಸರಸ್ವತಿಪುರಂ_ಅಮ್ಮ
ಮಗಳೇ ಮಾಡಿದಳು, ನಾನು ಬರೆದುಕೊಂಡೆ.

ಪಿಟೀಲು: 784, 1568, 2352, 3136, 3920, ಹೀಗೇ ಹೋಗುತ್ತಾ ಇದೆ. ಹತ್ತು ಸಾವಿರದ ಹತ್ತಿರವೂ ಸಣ್ಣ ಹಲ್ಲು ಕಾಣುತ್ತೆ.

ಕೊಳಲು: 784 ಮುಗಿಲು ಮುಟ್ಟಿದೆ. 1568 ಇದೆ, ಆದರೆ ಗಿಡ್ಡ. 2352 ಇನ್ನೂ ಗಿಡ್ಡ. 3136 ಹತ್ತಿರ ಏನೋ ಇರುವ ಹಾಗೆ. ಅಲ್ಲಿಂದ ಮುಂದೆ ಹಲ್ಲಿಲ್ಲ, ಬರೀ ಪೊದೆ.

ಸಂಖ್ಯೆ ಎಲ್ಲ 784ರ ಮಗ್ಗಿ ಅಂತ ಮಗಳು ಕುಣಿದಾಡಿದಳು.

ಲ್ಯಾಬ್_ಮೇಷ್ಟ್ರು
ಆ ಮಗ್ಗಿಯೇ ಓವರ್‌ಟೋನ್ ಸಾಲು. ನೋಡಿ, ಹಲ್ಲುಗಳ ಜಾಗ ಎರಡು ವಾದ್ಯಕ್ಕೂ ಒಂದೇ. ಎತ್ತರ ಮಾತ್ರ ಬೇರೆ. ಸ್ವರ ಯಾವುದು ಅಂತ ಕಿವಿಗೆ ಹೇಳೋದು ಹಲ್ಲುಗಳ ನಡುವಿನ ಅಂತರ. ವಾದ್ಯ ಯಾವುದು ಅಂತ ಹೇಳೋದರಲ್ಲಿ ದೊಡ್ಡ ಪಾಲು ಹಲ್ಲುಗಳ ಎತ್ತರದ್ದು. ಆ ಪೊದೆ ಇದೆಯಲ್ಲ, ಅದು ಹುಡುಗನ ಉಸಿರು. ತೂತಿನ ಅಂಚಿಗೆ ತಾಗಿ ಚೆದುರುವ ಗಾಳಿ. ಅದೂ ಕೊಳಲಿನ ಗುರುತೇ.

ಈ ಸಾಲನ್ನು ಬೆರಳಿನಲ್ಲೇ ಮುಟ್ಟಿ ನೋಡಬಹುದು. ಮಧ್ಯ 'ಸ' ತಂತಿಯನ್ನು ಒತ್ತಬೇಡಿ ಅಂತ ಮಗಳಿಗೆ ಹೇಳಿ. ಸರಿಯಾಗಿ ಅರ್ಧದಲ್ಲಿ ಬೆರಳನ್ನು ಸುಮ್ನೆ ತಾಗಿಸಿ ಕಮಾನು ಎಳೆಯಲಿ. ತಾರ 'ಸ' ಬರುತ್ತೆ. ಮೂರನೇ ಒಂದು ಭಾಗದಲ್ಲಿ ತಾಗಿಸಿದರೆ ಅದರ ಮೇಲಿನ 'ಪ'. ಕಾಲು ಭಾಗದಲ್ಲಿ ಇನ್ನೊಂದು 'ಸ'. ಐದನೇ ಒಂದು ಭಾಗದಲ್ಲಿ ತಾಗಿಸಿದರೆ ಅಂತರ ಗಾಂಧಾರ. ಬೆರಳು ಇವನ್ನು ಹೊಸದಾಗಿ ಹುಟ್ಟಿಸುತ್ತಿಲ್ಲ. ತಂತಿಯಲ್ಲಿ ಇವೆಲ್ಲ ಒಟ್ಟಿಗೇ ಇದ್ದವು, ಬೆರಳು ಉಳಿದವನ್ನು ಅದುಮಿತು ಅಷ್ಟೆ.

ಫಿಸಿಕ್ಸ್_ಟ್ಯೂಷನ್
ಸರಿ, ಕೊಳಲಿನಲ್ಲೂ ಇದೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಕೊಳಲು ಒಂದು ಕಡೆ ಮುಚ್ಚಿದ ನಳಿಕೆ. ತುದಿಯಲ್ಲಿ ಬಿರಡೆ ಇಲ್ಲವಾ? ಮುಚ್ಚಿದ ನಳಿಕೆಯಲ್ಲಿ 1, 3, 5 ಪಟ್ಟು ಮಾತ್ರ ಬರಬೇಕು. 1568 ಬರೋ ಹಾಗೇ ಇಲ್ಲ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಏನೋ ದೋಷ ಇದೆ.

ಬಿದಿರು_ಕೊಳಲು
ಬಿರಡೆ ಇರೋದು ಊದುವ ತೂತಿನ ಆಚೆ ಪಕ್ಕದಲ್ಲಿ. ಊದುವ ತೂತು ಬಾಯಿ ತೆರೆದುಕೊಂಡೇ ಇದೆಯಲ್ಲ ಸ್ವಾಮಿ. ತುಟಿ ಪೂರ್ತಿ ಮುಚ್ಚಿಬಿಟ್ಟರೆ ಸದ್ದೇ ಬರೋದಿಲ್ಲ.

ಇದಕ್ಕೆ ಲ್ಯಾಪ್‌ಟಾಪ್ ಬೇಡ. 'ಸ' ಬೆರಳು ಹಾಗೇ ಇಟ್ಟುಕೊಂಡು ಉಸಿರು ಬಿಗಿ ಮಾಡಿ ಊದಿ. ಏನು ಬರುತ್ತೆ? ಮೇಲಿನ 'ಸ'. ಹೊಸದಾಗಿ ಕಲಿಯುವ ಮಕ್ಕಳಿಗೆ ಬೇಡವೆಂದರೂ ಅದೇ ಬರುತ್ತೆ. ನೀವು ಹೇಳಿದ ಹಾಗೆ ಎರಡು ಪಟ್ಟು ಇಲ್ಲವೇ ಇಲ್ಲ ಅಂದಿದ್ದರೆ ನೆಗೆತ ಸೀದಾ ಮೂರು ಪಟ್ಟಿಗೆ, ಮೇಲಿನ 'ಪ'ಗೆ ಆಗಬೇಕಿತ್ತು.

ಲ್ಯಾಬ್_ಮೇಷ್ಟ್ರು
ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಹಾಗೆ 'ಪ'ಗೆ ನೆಗೆಯುವ ವಾದ್ಯವೂ ಇದೆ, ಕ್ಲಾರಿನೆಟ್. ಅದರ ಬಾಯಿ ಕಡೆ ರೀಡು ಇರುವುದರಿಂದ ಅದು ಮುಚ್ಚಿದ ನಳಿಕೆಯ ಹಾಗೆ ವರ್ತಿಸುತ್ತೆ.

ಫಿಸಿಕ್ಸ್_ಟ್ಯೂಷನ್
ನಾನು ಹೇಳಿದ ನಿಯಮ ಸರಿಯೇ ಇದೆ. ಕೊಳಲಿಗೆ ಅನ್ವಯ ಆಗೋದಿಲ್ಲ ಅಷ್ಟೆ.

ಮಂಡ್ಯ_ಬೆಲ್ಲ
ಬಿದ್ದರೂ ಮೀಸೆ ಮಣ್ಣಾಗಲಿಲ್ಲ 😄

ಕೀಬೋರ್ಡ್_ರವ
ಅದು ಸರಿ, ಆದರೆ ಪಿಟೀಲಿನಲ್ಲಿ ಅಷ್ಟೊಂದು ಹಲ್ಲು ಬಂದಿದ್ದು ಎಲ್ಲಿಂದ? ತಂತಿ ಒಂದೇ ಅಲ್ವಾ?

ಲ್ಯಾಬ್_ಮೇಷ್ಟ್ರು
ಕಮಾನಿನಿಂದ. ಕುದುರೆ ಬಾಲದ ಕೂದಲಿಗೆ ರಾಳ ಹಚ್ಚುತ್ತೀರಲ್ಲ. ಆ ಅಂಟು ತಂತಿಯನ್ನು ಹಿಡಿದುಕೊಂಡು ಕಮಾನಿನ ಜೊತೆ ಎಳೆದೊಯ್ಯುತ್ತೆ. ಎಳೆತ ಜಾಸ್ತಿಯಾದ ಕೂಡಲೇ ತಂತಿ ಜಾರಿ ಹಿಂದಕ್ಕೆ ಹಾರುತ್ತೆ. ಮತ್ತೆ ಕೂದಲು ಹಿಡಿಯುತ್ತೆ, ಮತ್ತೆ ಜಾರುತ್ತೆ. ಈ ಸ್ವರಕ್ಕೆ ಸೆಕೆಂಡಿಗೆ 784 ಸಲ. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟುವುದೂ ಇದೇ ರೀತಿ.

ಕಮಾನು ಎಳೆಯುವಾಗ ತಂತಿ ನೋಡಿದರೆ ನಡುವೆ ಉಬ್ಬಿದ ಮಬ್ಬು ಪಟ್ಟಿ ಕಾಣುತ್ತೆ. ಅದು ಕಣ್ಣಿನ ಮೋಸ. ಯಾವುದೇ ಒಂದು ಗಳಿಗೆಯಲ್ಲಿ ಹಿಡಿದು ನೋಡಿದರೆ ತಂತಿ ಎರಡು ನೇರ ತುಂಡು, ನಡುವೆ ಒಂದು ಚೂಪಾದ ಮೂಲೆ. ಆ ಮೂಲೆ ತಂತಿಯ ಉದ್ದಕ್ಕೂ ಹೋಗಿ ಬಂದು ಸುತ್ತು ಹೊಡೆಯುತ್ತಿರುತ್ತೆ. ಮೂಲೆ ಪ್ರತಿ ಸಲ ಕಮಾನಿನ ಹತ್ತಿರ ಬಂದಾಗಲೇ ಕೂದಲು ಹಿಡಿಯೋದು, ಬಿಡೋದು. ಇದನ್ನು ಮೊದಲು ತೋರಿಸಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್.

ಚೂಪಾದ ಮೂಲೆಯನ್ನು ನುಣುಪಾದ ಒಂದೆರಡು ಅಲೆ ಸೇರಿಸಿ ಕಟ್ಟೋಕೆ ಆಗೋದಿಲ್ಲ. ತುಂಬಾ ಅಲೆ ಬೇಕು. ತಂತಿಗಳನ್ನು ಹೊತ್ತು ನಿಂತ ಮರದ ತುಂಡಿಗೆ ಕುದುರೆ ಅಂತಾರೆ. ಅದರ ಮೇಲೆ ತಂತಿ ಹಾಕುವ ಒತ್ತಡದಲ್ಲಿ ಎರಡನೆಯದು ಮೊದಲನೆಯದರ ಅರ್ಧ, ಮೂರನೆಯದು ಮೂರನೇ ಒಂದು ಪಾಲು, ಹೀಗೆ ನಿಧಾನವಾಗಿ ಇಳಿಯುತ್ತೆ. ಆದ್ದರಿಂದಲೇ ನಿಮ್ಮ ಹಲ್ಲುಗಳು ಹತ್ತು ಸಾವಿರದವರೆಗೂ ಉಳಿದಿರೋದು.

ಕೊಳಲಿನಲ್ಲಿ ಹೀಗೆ ಹಿಡಿದು ಬಿಡುವವರು ಇಲ್ಲ. ತುಟಿಯಿಂದ ಹೊರಟ ಗಾಳಿಯ ಪಟ್ಟಿ ತೂತಿನ ಅಂಚಿನ ಒಳಗೂ ಹೊರಗೂ ತೂಗಾಡುತ್ತೆ. ಮೆಲ್ಲಗೆ ಊದಿದಾಗ ಆ ತೂಗಾಟ ನುಣುಪು. ಚೂಪು ಮೂಲೆ ಇಲ್ಲ, ಮೇಲಿನ ಹಲ್ಲಿಗೆ ಬಲ ಇಲ್ಲ.

ಬಿದಿರು_ಕೊಳಲು
ಮೆಲ್ಲಗೆ ಊದಿದಾಗ ಅನ್ನೋದನ್ನು ಎಲ್ಲರೂ ಗಮನಿಸಿ. ಗಟ್ಟಿಯಾಗಿ ಊದಿದರೆ ಬರೀ ಸದ್ದು ಏರೋದಲ್ಲ, ನಾದದ ಬಣ್ಣವೇ ಬದಲಾಗುತ್ತೆ. ಹುಡುಗನಿಗೆ ಎರಡೂ ಥರ ಊದಿಸಿ ಅಳೆಯಿರಿ ಅಮ್ಮಾ.

ಸರಸ್ವತಿಪುರಂ_ಅಮ್ಮ
ಮಾಡಿದ್ವಿ. ಗಟ್ಟಿಯಾಗಿ ಊದಿದಾಗ 1568 ಎದ್ದು ನಿಂತಿತು, 3136 ಸ್ಪಷ್ಟವಾಯಿತು. 784 ಅಷ್ಟೇನೂ ಏರಲಿಲ್ಲ. ಇನ್ನೂ ಗಟ್ಟಿ ಊದಿದ, ಸ್ವರವೇ ಮೇಲಕ್ಕೆ ಹಾರಿತು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು.

ಇನ್ನೊಂದು ಸಂಶಯ. ಪಿಟೀಲಿನಲ್ಲಿ ಹಲ್ಲು ಸಮವಾಗಿ ಇಳಿದಿಲ್ಲ. 2352 ಗಿಡ್ಡ, ಆಮೇಲೆ 3136 ಮತ್ತೆ ಎತ್ತರ. ಮೇಷ್ಟ್ರು ನಿಧಾನವಾಗಿ ಇಳಿಯುತ್ತೆ ಅಂದಿದ್ದರು.

ಲ್ಯಾಬ್_ಮೇಷ್ಟ್ರು
ನಾನು ಹೇಳಿದ್ದು ತಂತಿಯ ಲೆಕ್ಕ. ನಿಮ್ಮ ಕಿವಿಗೆ ತಂತಿಯ ಸದ್ದು ಬರುತ್ತಲೇ ಇಲ್ಲ. ಬರೋದು ಮರದ್ದು. ತಂತಿ ಕುದುರೆಯನ್ನು ಅಲ್ಲಾಡಿಸುತ್ತೆ, ಕುದುರೆ ಪೆಟ್ಟಿಗೆಯ ಹಲಗೆಯನ್ನು, ಹಲಗೆ ಗಾಳಿಯನ್ನು. ಈ ಕುದುರೆ, ಹಲಗೆಗಳು ಎಲ್ಲವನ್ನೂ ಸಮವಾಗಿ ದಾಟಿಸೋದಿಲ್ಲ. ಕೆಲವು ಕಂಪನ ಅವಕ್ಕೆ ಇಷ್ಟ, ಕೆಲವು ಕಷ್ಟ. ಸಾಮಾನ್ಯವಾಗಿ ಎರಡೂವರೆ ಸಾವಿರದ ಆಸುಪಾಸು ಒಂದು ದಿಬ್ಬ ಇರುತ್ತೆ. ಅದರ ಜಾಗ ಪಿಟೀಲಿನಿಂದ ಪಿಟೀಲಿಗೆ ಬೇರೆ.

ಇದು ಮರದ್ದೋ ತಂತಿಯದ್ದೋ ಅಂತ ತಿಳಿಯೋಕೆ ದಾರಿ ಇದೆ. ಅದೇ ತಂತಿಯಲ್ಲಿ ಚತುಶ್ರುತಿ ರಿಷಭ ಹಿಡಿಸಿ. ಹಲ್ಲುಗಳು ಈಗ 882, 1764, 2646, 3528 ಹತ್ತಿರ ಬರುತ್ತವೆ. ಯಾವಾಗಲೂ ಮೂರನೆಯದೇ ಗಿಡ್ಡ ಇದ್ದರೆ ಕಾರಣ ತಂತಿ, ಇಲ್ಲವೇ ಕಮಾನು ಇಟ್ಟ ಜಾಗ. ಗಿಡ್ಡತನ 2350ರ ಹತ್ತಿರವೇ ಉಳಿದು, ಮೂರನೇ ಹಲ್ಲು ಅಲ್ಲಿಂದ ತಪ್ಪಿಸಿಕೊಂಡು ಎದ್ದರೆ ಕಾರಣ ಮರ.

ಸರಸ್ವತಿಪುರಂ_ಅಮ್ಮ
ಮೂರನೆಯದು ಎದ್ದಿತು ಸರ್! ಈಗ ಎರಡನೆಯದಕ್ಕೆ ಹತ್ತಿರ ಹತ್ತಿರ ಸಮ.

ಕಮಾನು_ಕಲಾವಿದೆ
ಇಷ್ಟು ಹೊತ್ತು ಓದುತ್ತಾ ಇದ್ದೆ, ಈಗ ತಡೆಯೋಕಾಗಲಿಲ್ಲ. ಪಿಟೀಲಿನಲ್ಲಿ ಗಮಕ ಯಾಕೆ ಅಷ್ಟು ಜೀವಂತ ಅನ್ನೋದಕ್ಕೆ ಇಲ್ಲೇ ಉತ್ತರ ಇದೆ ಅನ್ನಿಸುತ್ತೆ. ಸ್ವರದಿಂದ ಸ್ವರಕ್ಕೆ ಜಾರಿದಾಗ ಈ ಹಲ್ಲುಗಳೆಲ್ಲ ಒಟ್ಟಿಗೆ ಜಾರುತ್ತವೆ. ಮರದ ದಿಬ್ಬ ತಗ್ಗು ಮಾತ್ರ ಅಲ್ಲೇ ಇರುತ್ತೆ. ಒಂದು ಹಲ್ಲು ದಿಬ್ಬ ಹತ್ತುತ್ತಿದ್ದರೆ ಇನ್ನೊಂದು ತಗ್ಗಿಗೆ ಇಳಿಯುತ್ತಿರುತ್ತೆ. ಒಂದು ಕಂಪಿತದೊಳಗೇ ನಾದದ ಬಣ್ಣ ಎಷ್ಟೋ ಸಲ ಮಿನುಗುತ್ತೆ.

ಮೇಷ್ಟ್ರೇ, ಇದು ಸರಿಯಾ?

ಲ್ಯಾಬ್_ಮೇಷ್ಟ್ರು
ಪೂರ್ತಿ ಸರಿ. ಕೀಬೋರ್ಡ್ ರವ ಅವರೇ, ನಿಮ್ಮ ಉತ್ತರವೂ ಇದರಲ್ಲೇ ಬಂತು. ಒಂದೇ ಸ್ವರದ ರೆಕಾರ್ಡಿಂಗನ್ನು ಮೇಲೆ ಕೆಳಗೆ ಎಳೆದು ಬಳಸಿದರೆ ದಿಬ್ಬ ತಗ್ಗುಗಳೂ ಜೊತೆಗೇ ಜಾರಿಬಿಡುತ್ತವೆ. ಪಿಟೀಲೇ ಚಿಕ್ಕದು ದೊಡ್ಡದು ಆದ ಹಾಗೆ ಕೇಳಿಸುತ್ತೆ.

ಕೀಬೋರ್ಡ್_ರವ
ಹಾಗಾದರೆ ಯಾವ ಮಾಡೆಲ್ ತಗೊಳ್ಳಲಿ?

ಮಂಡ್ಯ_ಬೆಲ್ಲ
😂😂

ತಿ_ನರಸೀಪುರ
ಇಷ್ಟೆಲ್ಲ ಮಾತಾಡಿ ನಮ್ಮೂರಿನ ಚೌಡಯ್ಯನವರ ಹೆಸರು ಯಾರೂ ಎತ್ತಲಿಲ್ಲ. ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕೂತವರಿಗೂ ಕೇಳಿಸಲಿ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಅವರಿಗೆ ಯಾವ ಸ್ಪೆಕ್ಟ್ರಮ್ ಆ್ಯಪ್ ಇತ್ತು?

ಕಮಾನು_ಕಲಾವಿದೆ
ಅದೂ ಈ ಲೆಕ್ಕಕ್ಕೇ ಸೇರುತ್ತೆ ಸರ್. ಜೊತೆ ತಂತಿಯನ್ನು ಒಂದು ಸ್ಥಾಯಿ ಮೇಲಕ್ಕೆ ಹೊಂದಿಸಿದರೆ, ಅದರ ಹಲ್ಲುಗಳು ಕೆಳಗಿನ ತಂತಿಯ 2, 4, 6ನೇ ಹಲ್ಲಿನ ಮೇಲೇ ಬಂದು ಕೂರುತ್ತವೆ. ಹೊಸ ಸ್ವರ ಸೇರಿದ ಹಾಗೆ ಅನ್ನಿಸೋದಿಲ್ಲ, ಅದೇ ಸ್ವರಕ್ಕೆ ಹೊಳಪು ಬಂದ ಹಾಗೆ ಅನ್ನಿಸುತ್ತೆ. ಆದರೆ ಎರಡು ತಂತಿಯನ್ನು ಒಂದೇ ಬೆರಳಿನಲ್ಲಿ ಒತ್ತಿ ಶ್ರುತಿಯಲ್ಲಿ ಇಡೋದು ಇದೆಯಲ್ಲ, ಕೂದಲೆಳೆ ತಪ್ಪಿದರೂ ಆ ಹಲ್ಲುಗಳು ಒಂದಕ್ಕೊಂದು ಗುದ್ದಾಡುತ್ತವೆ. ಎಲ್ಲರ ಕೈಗೆ ಬರುವ ಮಾತಲ್ಲ.

ಮೃದಂಗ_ಕಿವಿ
ನಮ್ಮ ಕಡೆಗೂ ಸ್ವಲ್ಪ ನೋಡಿ. ಬರೀ ಚರ್ಮ ಬಿಗಿದ ವಾದ್ಯದಲ್ಲಿ ಈ ಮಗ್ಗಿ ಬರೋದೇ ಇಲ್ಲ, ಹಲ್ಲುಗಳು ಅಡ್ಡಾದಿಡ್ಡಿ. ಬಲಗಡೆ ಕಪ್ಪು ಕರಣೆ ಹಾಕಿದ ಮೇಲೆ ಅವು ಮಗ್ಗಿಗೆ ಹತ್ತಿರ ಬರುತ್ತವೆ. ಮೃದಂಗ ಶ್ರುತಿಗೆ ಸೇರೋದು ಆ ಕರಣೆಯ ದೆಸೆಯಿಂದ. ಸರ್ ಸಿ.ವಿ. ರಾಮನ್ 1920ರಲ್ಲೇ ಇದರ ಬಗ್ಗೆ ಬರೆದರು.

ಲ್ಯಾಬ್_ಮೇಷ್ಟ್ರು
ಹೌದು. ಅದಕ್ಕೂ ಮೊದಲು, 1918ರಲ್ಲಿ, ಪಿಟೀಲಿನ ತಂತಿಯ ಮೇಲೆ ದೊಡ್ಡ ಪ್ರಬಂಧವನ್ನೇ ಬರೆದಿದ್ದರು. ಬೆಳಕಿನ ಕೆಲಸಕ್ಕೆ ಹೆಸರಾಗಿದ್ದು ಆಮೇಲೆ.

ಅಗ್ರಹಾರ_ತಂಬೂರಿ
ಅಂತರ ಗಾಂಧಾರ ಐದನೇ ಪಟ್ಟು ಅಂದಿರಲ್ಲ. ತಂಬೂರಿ ಚೆನ್ನಾಗಿ ಸೇರಿದಾಗ ಯಾರೂ ಮೀಟದ ಗಾಂಧಾರ ಕೇಳಿಸುತ್ತೆ. ನಾವು ಅದನ್ನು ಸ್ವಯಂಭೂ ಗಾಂಧಾರ ಅಂತೀವಿ. ಕುದುರೆಯ ಮೇಲೆ ದಾರ ಇಟ್ಟು ಹೊಂದಿಸಿದರೆ ಇನ್ನೂ ಎದ್ದು ಕೇಳುತ್ತೆ. ನನ್ನ ತಕರಾರು ಇಷ್ಟೆ. ತೋಡಿ ಹಾಡುವಾಗ ಸಾಧಾರಣ ಗಾಂಧಾರ. ಹಿಂದೆ ತಂಬೂರಿ ಅಂತರ ಗಾಂಧಾರ ಹೇಳುತ್ತಲೇ ಇರುತ್ತೆ. ಗುದ್ದಾಟ ಆಗಬೇಕಲ್ಲ?

ಕಮಾನು_ಕಲಾವಿದೆ
ತೋಡಿಯ ಗಾಂಧಾರ ನಿಂತ ಕಡೆ ಎಲ್ಲಿ ನಿಲ್ಲುತ್ತೆ? ಅದು ಅಲ್ಲಾಡುತ್ತಲೇ ಇರೋದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತೆ.

ಅಗ್ರಹಾರ_ತಂಬೂರಿ
ಒಪ್ಪೋದಿಲ್ಲಮ್ಮ. ಅಂತರ ಗಾಂಧಾರದ ರಾಗಗಳಲ್ಲೂ ಗಾಂಧಾರ ಅಲ್ಲಾಡಿಸುವ ಕಡೆ ಅಲ್ಲಾಡಿಸುತ್ತೀರಿ. ಖರಹರಪ್ರಿಯದಲ್ಲಿ ಸಾಧಾರಣ ಗಾಂಧಾರ ಹಾಡಿ, ತಂಬೂರಿ ಮೇಲಿಟ್ಟು ಕೇಳಿ, ಆಮೇಲೆ ಹೇಳಿ.

ಲ್ಯಾಬ್_ಮೇಷ್ಟ್ರು
ಇದರಲ್ಲಿ ನಾನು ತಲೆ ಹಾಕೋದಿಲ್ಲ. ತಂಬೂರಿಯ ಗಾಂಧಾರ ಎರಡು ಸ್ಥಾಯಿ ಮೇಲಿದೆ ಅನ್ನೋದಷ್ಟು ನೆನಪಿರಲಿ.

ಮದ್ದೂರು_ತಾತ
ನನಗೆ ಎಪ್ಪತ್ತು ದಾಟಿದೆ. ರೇಡಿಯೋದಲ್ಲಿ ಈಗ ಕೊಳಲು, ಪಿಟೀಲು ಎರಡೂ ಒಂದೇ ಥರ ಕೇಳಿಸುತ್ತೆ. ಮೊದಲು ಹೀಗಿರಲಿಲ್ಲ. ರೇಡಿಯೋ ಕೆಟ್ಟಿದೆಯೋ ಏನೋ.

ಲ್ಯಾಬ್_ಮೇಷ್ಟ್ರು
ತಾತ, ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳೋದು ಮೇಲಿನ ಕಂಪನಗಳನ್ನು. ತಾರ ಸ್ಥಾಯಿಯ ಸ್ವರದಲ್ಲಿ ಮೊದಲ ಎರಡು ಮೂರು ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಅಲ್ಲೇ ಇರೋದು. ಅವು ಹೋದರೆ ಪಿಟೀಲು ಕೊಳಲಿನ ಕಡೆ ವಾಲುತ್ತೆ. ಮಂದ್ರದಲ್ಲಿ ಈಗಲೂ ನಿಮಗೆ ವ್ಯತ್ಯಾಸ ಗೊತ್ತಾಗಬೇಕು. ಅಲ್ಲಿ ಹತ್ತು ಹಲ್ಲು ಸೇರಿದರೂ ಎರಡು ಸಾವಿರದ ಒಳಗೇ ಇರುತ್ತವೆ. ರೇಡಿಯೋ ರಿಪೇರಿಗೆ ಕೊಡುವ ಮೊದಲು ಒಮ್ಮೆ ಕಿವಿ ತೋರಿಸಿಕೊಂಡು ಬನ್ನಿ.

ಮದ್ದೂರು_ತಾತ
ಮಂದ್ರ ಗೊತ್ತಾಗುತ್ತೆ ಕಣಪ್ಪ. ಸೊಸೆ ಕರೆದರೆ ಕೇಳೋದಿಲ್ಲ, ಅದು ಮೊದಲಿನಿಂದಲೂ ಹಾಗೇ.

ಹೆಬ್ಬಾಳ_ಟೆಕ್ಕಿ
ತಾತನ ಕಿವಿಯನ್ನು ನಾವೂ ನಕಲು ಮಾಡಬಹುದು. Audacityಯಲ್ಲಿ `Low-Pass Filter` ಇದೆ, `Effect` ಮೆನುವಿನಲ್ಲಿ. `Frequency` 900, `Roll-off` 48 dB ಇಟ್ಟು ಎರಡು ರೆಕಾರ್ಡಿಂಗಿಗೂ ಹಾಕಿ. 784 ಒಂದೇ ಉಳಿಯುತ್ತೆ ಅಂತಲೇ ಅನ್ನಬಹುದು. ಈಗ ಯಾರಿಗಾದರೂ ಕೇಳಿಸಿ.

ಸರಸ್ವತಿಪುರಂ_ಅಮ್ಮ
ನಮ್ಮತ್ತೆಗೆ ಕೇಳಿಸಿದೆ. ಅವರು ವೀಣೆ ನುಡಿಸಿದವರು, ಕಿವಿ ಗಟ್ಟಿ. ಎರಡೂ ಸಪ್ಪೆಯಾಗಿವೆ, ಬಾಟಲಿಗೆ ಊದಿದ ಹಾಗಿದೆ ಅಂದರು. ಆದರೂ "ಇದು ಪಿಟೀಲು" ಅಂತ ಸರಿಯಾಗಿ ಹೇಳಿಬಿಟ್ಟರು! ಮೇಲಿನ ಹಲ್ಲು ಎಲ್ಲ ತೆಗೆದ ಮೇಲೆ ಹೇಗೆ ಸಾಧ್ಯ?

ಹೆಬ್ಬಾಳ_ಟೆಕ್ಕಿ
ಶುರುವಿನ ಭಾಗ ಸೇರಿಸಿ ಕೇಳಿಸಿದ್ರಾ?

ಸರಸ್ವತಿಪುರಂ_ಅಮ್ಮ
ಹೌದು, ಪೂರ್ತಿ.

ಹೆಬ್ಬಾಳ_ಟೆಕ್ಕಿ
ಅದೇ. ಮೊದಲ ಕಾಲು ಸೆಕೆಂಡ್ ಕತ್ತರಿಸಿ. ಕತ್ತರಿಸಿದ ಜಾಗದಲ್ಲಿ 'ಟಪ್' ಅನ್ನದ ಹಾಗೆ `Fade In` ಹಾಕಿ. ಕೊನೆಯನ್ನೂ ಕತ್ತರಿಸಿ. ಎರಡರ ಸದ್ದಿನ ಮಟ್ಟವನ್ನು ಸಮ ಮಾಡಿ, ಆಮೇಲೆ ಕೇಳಿಸಿ.

ಸರಸ್ವತಿಪುರಂ_ಅಮ್ಮ
ಈಗ ಸೋತರು. ಎರಡನ್ನೂ ಕೊಳಲು ಅಂದರು. ಫಿಲ್ಟರ್ ಹಾಕದೆ, ಬರೀ ಶುರು ಕತ್ತರಿಸಿದ್ದನ್ನೂ ಕೇಳಿಸಿದೆ. ಅದರಲ್ಲಿ ಪಿಟೀಲು ತಕ್ಷಣ ಗೊತ್ತಾಯಿತು. ಕೊಳಲಿಗೆ ಮಾತ್ರ ಸ್ವಲ್ಪ ಹಿಂದೆಮುಂದೆ ನೋಡಿದರು, "ಹಾರ್ಮೋನಿಯಮ್ಮಾ?" ಅಂದರು.

ಕಮಾನು_ಕಲಾವಿದೆ
ಎಷ್ಟು ಚೆಂದ! ಕಮಾನು ತಂತಿ ಹಿಡಿಯೋಕೆ ಮೊದಲು ಒಂದಿಷ್ಟು ತಡಕಾಡುತ್ತೆ. ಮೇಷ್ಟ್ರು ಹೇಳಿದ ಮೂಲೆ ಇನ್ನೂ ಕ್ರಮಕ್ಕೆ ಬಂದಿರೋದಿಲ್ಲ. ಆ 'ಕ್ರ್' ಸದ್ದು ಕಡಿಮೆ ಮಾಡಿಸೋದಕ್ಕೇ ನಾವು ಮಕ್ಕಳ ಹಿಂದೆ ವರ್ಷಗಟ್ಟಲೆ ಬೀಳೋದು. ಪೂರ್ತಿ ಹೋದರೆ ಪಿಟೀಲು ಪಿಟೀಲಾಗಿರೋದಿಲ್ಲ ಅಂತ ಈಗ ಗೊತ್ತಾಯಿತು.

ಬಿದಿರು_ಕೊಳಲು
ನಮ್ಮದರಲ್ಲಿ ನಾಲಿಗೆಯ 'ತು', ಅದರ ಹಿಂದೆ ಉಸಿರು, ಆಮೇಲೆ ಸ್ವರ. ಉಸಿರು ಮೊದಲು ಬರುತ್ತೆ, ನಾದ ಒಂದು ಕ್ಷಣ ತಡವಾಗಿ ಕಟ್ಟಿಕೊಳ್ಳುತ್ತೆ.

ಇನ್ನೊಂದು. ಇಷ್ಟು ಹೊತ್ತು ಪಿಟೀಲಿನ ಮರದ ಮಹಿಮೆ ಆಯಿತು. ಬಿದಿರಿನ ಮಾತು ಯಾರೂ ಎತ್ತಲಿಲ್ಲ. ಒಳ್ಳೆ ಬಿದಿರು ಸಿಕ್ಕರೆ ನಾದವೇ ಬೇರೆ.

ಲ್ಯಾಬ್_ಮೇಷ್ಟ್ರು
ಇಲ್ಲಿ ನಾನು ನಿಮ್ಮ ಎದುರು ಪಕ್ಷ. ಪಿಟೀಲಿನಲ್ಲಿ ಮರವೇ ಸದ್ದನ್ನು ಹೊರಗೆ ಹಾಕೋದು. ಕೊಳಲಿನಲ್ಲಿ ಸದ್ದು ಹೊರಡೋದು ತೂತುಗಳಿಂದ. ಬಿದಿರಿನ ಗೋಡೆ ಗಾಳಿಯನ್ನು ಹಿಡಿದಿಟ್ಟಿರುತ್ತೆ, ತಾನು ಅಲ್ಲಾಡೋದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಒಳಗಿನ ಅಳತೆ, ಒಳಮೈ ನುಣುಪು, ಊದುವ ತೂತಿನ ಅಂಚು ಇವೇ ನಾದ ತೀರ್ಮಾನಿಸೋದು.

ಬಿದಿರು_ಕೊಳಲು
ಹಾಗಾದರೆ ಪ್ಲಂಬಿಂಗ್ ಪೈಪಿನಲ್ಲಿ ಕಛೇರಿ ಮಾಡಬಹುದಾ?

ಲ್ಯಾಬ್_ಮೇಷ್ಟ್ರು
ಅಳತೆ ಸರಿಯಾಗಿದ್ದರೆ ಪರದೆ ಹಿಂದೆ ಕೂತವರಿಗೆ ಗೊತ್ತಾಗೋದಿಲ್ಲ ಅಂತ ನನ್ನ ಅನಿಸಿಕೆ.

ಬಿದಿರು_ಕೊಳಲು
ಕೇಳುವವರಿಗೆ ಗೊತ್ತಾಗದೇ ಇರಬಹುದು. ಊದುವವನಿಗೆ ತುಟಿಯಲ್ಲಿ, ಬೆರಳಲ್ಲಿ ಗೊತ್ತಾಗುತ್ತೆ. ಅವನು ಅದಕ್ಕೆ ತಕ್ಕ ಹಾಗೆ ಊದುತ್ತಾನೆ. ಅದು ನಾದಕ್ಕೆ ಸೇರಿದ್ದಲ್ಲವಾ?

ಫಿಸಿಕ್ಸ್_ಟ್ಯೂಷನ್
ಇದರಲ್ಲಿ ನಾನು ಬಿದಿರಿನವರ ಪಕ್ಷ. ಪ್ಲಾಸ್ಟಿಕ್ ಕೊಳಲು ಕೇಳಿದ್ದೇನೆ, ಕರ್ಕಶ.

ಲ್ಯಾಬ್_ಮೇಷ್ಟ್ರು
ಅಂಗಡಿಯ ಪ್ಲಾಸ್ಟಿಕ್ ಕೊಳಲಿನ ಗೋಡೆ ತೆಳು, ತೂತಿನ ಅಂಚು ಒರಟು. ಅದನ್ನು ಬಿದಿರಿಗೆ ಹೋಲಿಸಿದರೆ ನ್ಯಾಯ ಅಲ್ಲ.

ಮಂಡ್ಯ_ಬೆಲ್ಲ
ನಮ್ಮ ತಮ್ಮನದು ಪೈಪಿನ ಅಂಗಡಿ. ಯಾವ ಸೈಜ್ ಬೇಕು ಹೇಳಿ, ಒಂದು ತುಂಡು ಕಳಿಸ್ತೀನಿ.

ಬಿದಿರು_ಕೊಳಲು
ಕಳಿಸಿ ಕಳಿಸಿ. ಒಳಗಿನ ಅಗಲ ನನ್ನ ಐದನೇ ಶ್ರುತಿ ಕೊಳಲಿನಷ್ಟೇ ಇರಬೇಕು, ಅಳತೆ ಮೆಸೇಜ್ ಮಾಡ್ತೀನಿ. ಪೈಪಿನ ಮೇಲೆ ಬರೆದಿರೋದು ಹೊರಗಿನ ಅಳತೆ ಆಗಿರುತ್ತೆ, ಅದನ್ನು ನಂಬಬೇಡಿ. ಗೋಡೆ ದಪ್ಪ ಇರೋದೇ ತಗೊಳ್ಳಿ. ತೂತು ನಾನೇ ಕೊರೆದು ಅಂಚು ತೀಡ್ತೀನಿ, ಇಲ್ಲದಿದ್ದರೆ ಮೇಷ್ಟ್ರು ಆಮೇಲೆ ಅಂಚು ಸರಿ ಇಲ್ಲ ಅಂತಾರೆ.

ಲ್ಯಾಬ್_ಮೇಷ್ಟ್ರು
ಅಂತೀನಿ ಮತ್ತೆ. ಊದೋದು ನೀವೇ, ಆದರೆ ಯಾವುದು ಊದಿದ್ರಿ ಅಂತ ಸರಸ್ವತಿಪುರಂ ಅಮ್ಮನ ಅತ್ತೆಗೆ ಮೊದಲೇ ಹೇಳುವ ಹಾಗಿಲ್ಲ.

ಕೀಬೋರ್ಡ್_ರವ
ಮಾಡೆಲ್ ಬಗ್ಗೆ ಯಾರೂ ಹೇಳಲಿಲ್ಲ.